ಅಮ್ಮನ ಕೆಮ್ಮು, ನನ್ನ ಸ್ಪ್ರೇ

ಗಂಡಸಿ ಹ್ಯಾಂಡ್‌ಪೋಸ್ಟ್‌ನಲ್ಲಿ ಹಾಸನದ ಬಸ್ಸು ಹಿಡಿಯೋ ಅವಸರದಲ್ಲಿ ದಿನಾ ಕೋಣೆ ಬಾಗಿಲು ಹಾಕ್ಕೊಂಡು ಬಾಡಿ ಸ್ಪ್ರೇ ಹೊಡೀತಿದ್ದೆ. "ಮತ್ತೆ ಹೊಡೆದ್ಯೇನೋ?" ಅಂತ ಆಸ್ತಮಾ ಇರೋ ಅಮ್ಮ ಕೆಮ್ಮುತ್ತಲೇ ಕೇಳೋಳು. ಒಂದಿನ ಡಬ್ಬಿ ಹಿಂದೆ ಓದಿದೆ: ಬ್ಯುಟೇನ್, ಪ್ರೊಪೇನ್. ಅಡುಗೆ ಸಿಲಿಂಡರಿನ ಅನಿಲಗಳೇ! ಕಂಕುಳಿಗೆ ತಾಗದೆ ಉಳಿದದ್ದೆಲ್ಲ ನಾವು ಉಸಿರಾಡೋ ಗಾಳಿಗೆ. ಇಷ್ಟಾದರೂ ಅದು ಬರೀ ಸುಗಂಧ, ಬೆವರು ನಿಲ್ಲಿಸಲ್ಲ, ಮಧ್ಯಾಹ್ನಕ್ಕೆ ಮಾಯ.

ಸ್ಟಿಕ್ ತಂದೆ. ಗಾಳಿಗೇನೂ ಹಾರಲ್ಲ, ಆದರೆ ಅದರಲ್ಲಿ ಅಡುಗೆ ಸೋಡಾ ಇತ್ತು. ಎರಡೇ ವಾರಕ್ಕೆ ಕಂಕುಳು ಕೆಂಪಾಗಿ ಉರಿಯಿತು.

ಈಗ ಅಲ್ಯೂಮಿನಿಯಂ ಲವಣದ ರೋಲ್-ಆನ್. ರಾತ್ರಿ, ಪೂರ್ತಿ ಒಣಗಿದ ಚರ್ಮಕ್ಕೆ ಹಚ್ತೀನಿ. ಆಗ ಬೆವರು ಕಡಿಮೆ, ಲವಣ ತೊಳೆದುಹೋಗದೆ ಬೆವರಿನ ರಂಧ್ರದಲ್ಲಿ ಕೂರುತ್ತೆ. ಬೆಳಿಗ್ಗೆ ಸ್ನಾನ ಮಾಡಿದರೂ ಸಂಜೆವರೆಗೆ ಪರವಾಗಿಲ್ಲ. ಶೇವ್ ಮಾಡಿದ ರಾತ್ರಿ ಮಾತ್ರ ರಜೆ, ಇಲ್ಲದಿದ್ರೆ ಉರಿ. ಅಮ್ಮ ಈಗ ಕಾಫಿ ತಗೊಂಡು ಸೀದಾ ಕೋಣೆಗೇ ಬರ್ತಾಳೆ.