ಬಾಗಿಲಲ್ಲಿ ನಿಂತ ಅಪ್ಪನ ತಲೆ ಎಷ್ಟು ದೊಡ್ಡದಿರಬೇಕು?

ನಮ್ಮ ಕಡೆಯ ಸ್ಟುಡಿಯೋಗಳಿಗೆ ಮದುವೆ, ಗೃಹಪ್ರವೇಶದ ಸೀಸನ್ ಮುಗಿದ ಮೇಲೆ ಬರುವ ಒಂದು ಕೆಲಸವಿದೆ. ತೀರಿಹೋದವರನ್ನು ಮನೆಮಂದಿಯ ಫೋಟೋದೊಳಗೆ ತಂದು ನಿಲ್ಲಿಸುವುದು. ಪತ್ರಿಕೋದ್ಯಮ ಓದಿ ಊರಿಗೆ ಮರಳಿದ ನಮಗೆ ಕ್ಯಾಮೆರಾ, ಫೋಟೋಶಾಪ್ ಎರಡೂ ಗೊತ್ತು ಎನ್ನುವುದು ಊರಿಗೆಲ್ಲ ಗೊತ್ತಾಗಿರುವುದರಿಂದ ಈ ಕೆಲಸ ನಮ್ಮ ಬಾಗಿಲಿಗೂ ಬರುತ್ತದೆ. ಹಿನ್ನೆಲೆ ಕತ್ತರಿಸುವುದು, ಬಣ್ಣ ಹೊಂದಿಸುವುದು ಇವೆಲ್ಲ ಕೈ ಪಳಗಿದಂತೆ ಬರುತ್ತವೆ. ಕೆಡುವುದು ಹೆಚ್ಚಾಗಿ ಒಂದೇ ಕಡೆ. ಹಿಂದೆ ನಿಂತವರ ತಲೆ ಎಷ್ಟು ದೊಡ್ಡದಿರಬೇಕು ಎನ್ನುವಲ್ಲಿ.

ಮೊನ್ನೆ ಪಕ್ಕದ ಕೇರಿಯ ಅಕ್ಕ ಒಬ್ಬರು ಎರಡು ಫೋಟೋ ತಂದರು. ಒಂದು ಹೊಸ ಮನೆಯ ಗೃಹಪ್ರವೇಶದ್ದು. ಜಗಲಿಯ ಅಂಚಿನಲ್ಲಿ ಮನೆಯವರೆಲ್ಲ ನಿಂತಿದ್ದಾರೆ, ಅಮ್ಮ ಮತ್ತು ಮಗನ ನಡುವಿನ ಜಾಗದಲ್ಲಿ ಹಿಂದಿನ ತಲೆಬಾಗಿಲು ಪೂರ್ತಿ ಕಾಣುತ್ತದೆ. ಇನ್ನೊಂದು, ಮನೆ ಕಟ್ಟಲು ಶುರುಮಾಡಿ ಮುಗಿಯುವ ಮೊದಲೇ ಹೋದ ಅಪ್ಪನದು. ಯಾವುದೋ ಮದುವೆಯಲ್ಲಿ ತಲೆಯಿಂದ ಕಾಲಿನವರೆಗೆ ನಿಂತ ಚಿತ್ರ. ಅಪ್ಪ ಬಾಗಿಲಲ್ಲಿ ನಿಂತಿರಬೇಕು ಎನ್ನುವುದು ಅಮ್ಮನ ಆಸೆ. ಪೇಟೆಯ ಸ್ಟುಡಿಯೋ ಒಂದು ಆಗಲೇ ಮಾಡಿಕೊಟ್ಟಿತ್ತು. ಅದನ್ನು ನೋಡಿದ ಅಮ್ಮ, "ಇವರು ಬಾಗಿಲಲ್ಲಿ ನಿಂತಿಲ್ಲ ಕಣೇ, ನನ್ನ ಹೆಗಲ ಮೇಲೆ ಕೂತ ಹಾಗಿದ್ದಾರೆ" ಎಂದು ಫೋಟೋ ಮಗುಚಿ ಇಟ್ಟರಂತೆ.

ಅಮ್ಮ ಹೇಳಿದ್ದು ಸರಿಯಿತ್ತು. ಮುಂದೆ ನಿಂತ ಮಗನ ತಲೆಯಷ್ಟೇ ಅಪ್ಪನ ತಲೆಯೂ ಇತ್ತು. ಮೈಯ ಕೆಳಭಾಗವನ್ನು ಮುಂದಿನವರ ಹಿಂದೆ ಅಡಗಿಸಿದ್ದರಿಂದ ಪಾದ ಎಲ್ಲಿದೆ ಎನ್ನುವುದೇ ತಿಳಿಯುತ್ತಿರಲಿಲ್ಲ. ಹಾಗೆ ಮಾಡಿದವರಿಗೆ ಕೆಲಸ ಬರುವುದಿಲ್ಲ ಎಂದಲ್ಲ. ಕಣ್ಣಳತೆಯಲ್ಲಿ ಕೂರಿಸಿದರೆ ಯಾರಿಗಾದರೂ ಹೀಗೇ ಆಗುತ್ತದೆ. ಒಂದು ಹೆಬ್ಬೆರಳನ್ನು ಮುಖದಿಂದ ಒಂದು ಗೇಣು ದೂರದಲ್ಲಿ, ಇನ್ನೊಂದನ್ನು ಎರಡು ಗೇಣು ದೂರದಲ್ಲಿ ಹಿಡಿದು ನೋಡಿ. ಎರಡೂ ಸುಮಾರು ಒಂದೇ ಗಾತ್ರ ಅನ್ನಿಸುತ್ತದೆ. ಈಗ ಒಂದು ಕಣ್ಣು ಮುಚ್ಚಿ, ಎರಡೂ ಬೆರಳುಗಳನ್ನು ಒಂದರ ಪಕ್ಕಕ್ಕೆ ಒಂದು ಬರುವಂತೆ ಸರಿಸಿ. ದೂರದ್ದು ಹತ್ತಿರದ್ದರ ಅರ್ಧದಷ್ಟೇ ಇರುತ್ತದೆ. ದೂರದ ಮನುಷ್ಯನೂ ನಮ್ಮಷ್ಟೇ ದೊಡ್ಡವನು ಎಂದು ಮಿದುಳಿಗೆ ಗೊತ್ತಿರುವುದರಿಂದ ಅದು ಗಾತ್ರವನ್ನು ತನ್ನಷ್ಟಕ್ಕೆ ತಿದ್ದಿ ತೋರಿಸುತ್ತದೆ. ಕ್ಯಾಮೆರಾ ಹಾಗೆ ತಿದ್ದುವುದಿಲ್ಲ. ಅದಕ್ಕೇ ಕಣ್ಣಳತೆಯಲ್ಲಿ ಕೂರಿಸಿದ ಹಿಂದಿನ ತಲೆ ಸಾಮಾನ್ಯವಾಗಿ ಬೇಕಾದ್ದಕ್ಕಿಂತ ದೊಡ್ಡದಾಗುತ್ತದೆ, ಚಿಕ್ಕದಾಗುವುದು ಕಡಿಮೆ.

ನಿಯಮ ಸರಳ. ಕ್ಯಾಮೆರಾದಿಂದ ದೂರ ಎರಡರಷ್ಟಾದರೆ ಚಿತ್ರದಲ್ಲಿ ತಲೆ ಅರ್ಧವಾಗುತ್ತದೆ, ಮೂರರಷ್ಟಾದರೆ ಮೂರರಲ್ಲಿ ಒಂದು ಪಾಲು. ಬರೆದರೆ ಹೀಗೆ:

```
ಹಿಂದಿನ ತಲೆ = ಮುಂದಿನ ತಲೆ × (ಮುಂದಿನವರ ದೂರ ÷ ಹಿಂದಿನವರ ದೂರ)
```

ಇಲ್ಲಿ ಲೆಕ್ಕಕ್ಕೆ ಬರುವುದು ಕ್ಯಾಮೆರಾದಿಂದ ಇರುವ ದೂರ. ಇಬ್ಬರ ನಡುವಿನ ಅಂತರವೊಂದೇ ಗೊತ್ತಿದ್ದರೆ ಸಾಲದು. ಇಬ್ಬರ ನಡುವೆ ಹತ್ತು ಅಡಿ ಇದೆ ಎಂದುಕೊಳ್ಳಿ. ಮುಂದಿನವರನ್ನು ಐದು ಅಡಿಯಿಂದ ತೆಗೆದಿದ್ದರೆ ಹಿಂದಿನವರು ಹದಿನೈದು ಅಡಿಯಲ್ಲಿರುತ್ತಾರೆ, ಅವರ ತಲೆ ಮೂರರಲ್ಲಿ ಒಂದು ಪಾಲು. ಅದೇ ಜೋಡಿಯನ್ನು ನಲವತ್ತು ಅಡಿಯಿಂದ ತೆಗೆದರೆ ನಲವತ್ತಕ್ಕೆ ಐವತ್ತು, ಅಂದರೆ ಐದರಲ್ಲಿ ನಾಲ್ಕು ಪಾಲು. ಝೂಮ್ ಮಾಡಿದರೆ ಎರಡೂ ತಲೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ, ಅನುಪಾತ ಬದಲಾಗುವುದಿಲ್ಲ. ಕ್ಯಾಮೆರಾ ಹಿಡಿದವರು ಹೆಜ್ಜೆ ಹಿಂದೆ ಮುಂದೆ ಇಟ್ಟಾಗ ಮಾತ್ರ ಅದು ಬದಲಾಗುತ್ತದೆ.

ಆದರೆ ತೆಗೆದು ವರ್ಷ ಕಳೆದ ಫೋಟೋದಲ್ಲಿ ಕ್ಯಾಮೆರಾ ಎಷ್ಟು ದೂರವಿತ್ತು ಎಂದು ಯಾರನ್ನು ಕೇಳುವುದು? ನೆಲವನ್ನು ಕೇಳಬೇಕು. ಅಕ್ಕನ ಮನೆಯ ಜಗಲಿಗೆ ಎರಡು ಅಡಿಯ ಚೌಕ ಟೈಲ್ಸ್ ಹಾಕಿದ್ದಾರೆ. ಫೋಟೋ ಬಾಗಿಲಿಗೆ ನೇರ ಎದುರಿನಿಂದ ತೆಗೆದದ್ದರಿಂದ ಟೈಲಿನ ಅಡ್ಡ ಅಂಚುಗಳು ಚಿತ್ರದಲ್ಲೂ ಅಡ್ಡಕ್ಕೇ ಇದ್ದವು. ಫೋಟೋಶಾಪ್‌ನ Ruler Tool ಹಿಡಿದು ಮಗನ ಪಾದದ ಬಳಿಯ ಟೈಲಿನ ಅಗಲ ಅಳೆದೆವು, 360 ಪಿಕ್ಸೆಲ್. ಹೊಸ್ತಿಲಿನ ಬಳಿಯ ಟೈಲಿನ ಅಗಲ 240. ಎರಡೂ ನಿಜದಲ್ಲಿ ಒಂದೇ ಅಳತೆಯ ಟೈಲ್ ಆದ್ದರಿಂದ ನಮಗೆ ಬೇಕಾದ ಅನುಪಾತ ಅಲ್ಲೇ ಸಿಕ್ಕಿತು, ಮೂರರಲ್ಲಿ ಎರಡು ಪಾಲು. ದೂರವನ್ನು ಅಡಿಗಳಲ್ಲಿ ಕಂಡುಹಿಡಿಯುವ ಅಗತ್ಯವೇ ಬರಲಿಲ್ಲ. ಬೇಕೆಂದರೆ ಅದೂ ಸಿಗುತ್ತದೆ. ಮಗನಿಂದ ಹೊಸ್ತಿಲಿಗೆ ಐದು ಟೈಲ್, ಅಂದರೆ ಹತ್ತು ಅಡಿ. ಈ ಅಂತರಕ್ಕೆ ಮೂರರಲ್ಲಿ ಎರಡು ಪಾಲು ಬರಬೇಕಾದರೆ ಮಗ ಕ್ಯಾಮೆರಾದಿಂದ ಇಪ್ಪತ್ತು ಅಡಿ, ಬಾಗಿಲು ಮೂವತ್ತು ಅಡಿ ದೂರದಲ್ಲಿರಬೇಕು. ಅಂಗಳದ ತುಳಸಿಕಟ್ಟೆಯ ಬಳಿ ನಿಂತು ತೆಗೆದದ್ದು ಎಂದು ಅಕ್ಕ ಹೇಳಿದ್ದಕ್ಕೆ ಇದು ಸರಿಹೊಂದಿತು.

ಮಗನ ತಲೆ ಗಲ್ಲದಿಂದ ನೆತ್ತಿಯವರೆಗೆ 135 ಪಿಕ್ಸೆಲ್ ಇತ್ತು. ಅದರ ಮೂರರಲ್ಲಿ ಎರಡು ಪಾಲು 90. ಅಪ್ಪನ ಮೂಲ ಚಿತ್ರದಲ್ಲಿ ತಲೆ 210 ಪಿಕ್ಸೆಲ್. `Ctrl+T` ಒತ್ತಿ W ಮತ್ತು H ಎರಡಕ್ಕೂ 43% ಕೊಟ್ಟರೆ ತಲೆ 90ಕ್ಕೆ ಬರುತ್ತದೆ. ತಲೆ ಅಳೆಯುವಾಗ ಕೂದಲು, ಪೇಟ, ಹೂವು ಸೇರದಂತೆ ನೋಡಬೇಕು. ನೆತ್ತಿ ಎಲ್ಲಿದೆ ಎಂದು ತಿಳಿಯದಿದ್ದರೆ ಇಬ್ಬರದ್ದೂ ಕಣ್ಣಿನಿಂದ ಗಲ್ಲದವರೆಗೆ ಅಳೆಯುತ್ತೇವೆ, ಅದು ತಲೆಯ ಸುಮಾರು ಅರ್ಧ. ಮಕ್ಕಳನ್ನು ಅಳತೆಗೋಲಾಗಿ ಹಿಡಿಯಲು ಹೆದರಬೇಕಿಲ್ಲ ಎನ್ನುವವರಿದ್ದಾರೆ. ಐದು ವರ್ಷದ ಮಗುವಿನ ತಲೆ ದೊಡ್ಡವರ ತಲೆಗೆ ಹತ್ತಿರ ಬಂದಿರುತ್ತದೆ, ನಿಜ. ಆದರೂ ದೊಡ್ಡವರು ಒಬ್ಬರಿದ್ದರೆ ಅವರನ್ನೇ ಹಿಡಿಯುವುದು ಮೇಲು.

ಒಂದು ಲೆಕ್ಕವನ್ನು ಇನ್ನೊಂದು ದಾರಿಯಿಂದ ಪರೀಕ್ಷಿಸದೆ ನಾವು ಕೊಡುವುದಿಲ್ಲ. ಇಲ್ಲಿ ಬಾಗಿಲೇ ಸಾಕ್ಷಿ ಹೇಳಿತು. ಏಳು ಅಡಿಯ ಬಾಗಿಲು ಚಿತ್ರದಲ್ಲಿ 840 ಪಿಕ್ಸೆಲ್ ಎತ್ತರವಿತ್ತು, ಅಂದರೆ ಅಲ್ಲಿ ಒಂದು ಅಡಿಗೆ 120 ಪಿಕ್ಸೆಲ್. ಅಪ್ಪನ ಎತ್ತರ ಐದೂವರೆ ಅಡಿ, ಹಾಗಾಗಿ 660 ಪಿಕ್ಸೆಲ್. ತಲೆ ಮೈಯ ಎತ್ತರದ ಏಳೂವರೆಯಲ್ಲಿ ಒಂದು ಪಾಲು ಎಂದು ಹಿಡಿದರೆ 88. ಟೈಲಿನ ಲೆಕ್ಕದ 90ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಯಾರ ಕಣ್ಣಿಗೂ ಬೀಳದು. ಸ್ಟುಡಿಯೋದವರು ಕೂರಿಸಿದ್ದ 135 ಪಿಕ್ಸೆಲಿನ ತಲೆಯನ್ನು ಇದೇ ಅಳತೆಯಲ್ಲಿ ನೋಡಿದರೆ ಹದಿಮೂರೂವರೆ ಇಂಚು ಉದ್ದದ ತಲೆ! ಅಷ್ಟು ತಲೆಗೆ ತಕ್ಕ ಮೈ ಸೇರಿಸಿದರೆ ಎಂಟು ಅಡಿ ದಾಟುತ್ತದೆ. ಆ ಮನುಷ್ಯ ತಾನೇ ಕಟ್ಟಿಸಿದ ಬಾಗಿಲಲ್ಲಿ ಬಗ್ಗಿಯೇ ಹೋಗಬೇಕಿತ್ತು.

ಗಾತ್ರ ಸರಿಯಾದ ಮೇಲೆ ತಲೆ ಎಷ್ಟು ಎತ್ತರದಲ್ಲಿ ಬರಬೇಕು ಎನ್ನುವ ಪ್ರಶ್ನೆ. ಇದನ್ನು ಬಿಟ್ಟರೆ ಸರಿಯಾದ ಗಾತ್ರದ ತಲೆಯೂ ಗಾಳಿಯಲ್ಲಿ ತೇಲುತ್ತದೆ. ಒಳಮುಖವಾಗಿ ಹೋಗುವ ಟೈಲಿನ ಸಂದುಗಳನ್ನು ಗೆರೆ ಎಳೆದು ಮುಂದುವರಿಸಿದರೆ ಅವೆಲ್ಲ ಒಂದು ಬಿಂದುವಿನಲ್ಲಿ ಕೂಡುತ್ತವೆ. ಆ ಬಿಂದುವಿನ ಮೂಲಕ ಅಡ್ಡಗೆರೆ ಎಳೆಯಿರಿ. ಅದು ಕ್ಯಾಮೆರಾದ ಎತ್ತರದ ಗೆರೆ. ಒಂದೇ ನೆಲದ ಮೇಲೆ ನಿಂತವರು ಎಷ್ಟೇ ಹಿಂದೆ ಮುಂದೆ ಇದ್ದರೂ ಈ ಗೆರೆ ಎಲ್ಲರನ್ನೂ ನೆಲದಿಂದ ಒಂದೇ ಎತ್ತರದಲ್ಲಿ ಹಾದುಹೋಗುತ್ತದೆ. ಅಂಗಳ ಜಗಲಿಗಿಂತ ತಗ್ಗಿನಲ್ಲಿದ್ದುದರಿಂದ ಈ ಚಿತ್ರದಲ್ಲಿ ಅದು ನೆಲದಿಂದ ಮೂರು ಅಡಿಗೆ, ಎಲ್ಲರ ಸೊಂಟದ ಹತ್ತಿರ ಬಂತು. ಅಪ್ಪನಿಗೂ ಅಲ್ಲಿಯೇ ಬರಬೇಕು, ಗೆರೆಯ ಕೆಳಗೆ 360 ಪಿಕ್ಸೆಲ್, ಮೇಲೆ 300. ಅಷ್ಟೇ ಎತ್ತರದವರು ಮಗನ ಜಾಗದಲ್ಲಿ ನಿಂತಿದ್ದರೆ ಗೆರೆಯ ಮೇಲೆ 450 ಇರುತ್ತಿದ್ದರು. ಹಾಗಾಗಿ ಅಪ್ಪನ ನೆತ್ತಿ ಅದಕ್ಕಿಂತ 150 ಪಿಕ್ಸೆಲ್ ಕೆಳಗೆ ಬಂತು. "ಇಷ್ಟು ಕೆಳಗಾ?" ಎಂದು ಅಕ್ಕ ಕೇಳಿದರು. ಪಾದ ಹೊಸ್ತಿಲಿನ ಈಚೆಯ ಟೈಲಿನ ಮೇಲೆ ಕೂತು, ನೆರಳು ಬಿದ್ದ ಮೇಲೆ ಅವರು ಮತ್ತೆ ಕೇಳಲಿಲ್ಲ. ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿದ್ದಿದ್ದರೆ ಮಾತ್ರ ಸಮ ಎತ್ತರದವರ ಕಣ್ಣುಗಳು ಒಂದೇ ಸಾಲಿನಲ್ಲಿ ಬರುತ್ತಿದ್ದವು. ಹಿಂದಿನವರ ತಲೆಯನ್ನು ಮುಂದಿನವರ ಸಾಲಿಗೇ ತಂದು ನಿಲ್ಲಿಸುವ ಅಭ್ಯಾಸ ಆ ಒಂದು ಸಂದರ್ಭಕ್ಕಷ್ಟೇ ಸರಿ.

ಈ ಲೆಕ್ಕ ಕೈಕೊಡುವ ಜಾಗಗಳೂ ಇವೆ. ಅಪ್ಪನದ್ದಾಗಿ ಇರುವುದು ಮುಖದ ಹತ್ತಿರ ಮೊಬೈಲ್ ಹಿಡಿದು ತೆಗೆದ ಚಿತ್ರವೊಂದೇ ಆದರೆ, ಅದರಲ್ಲಿ ಮೂಗು ಉಬ್ಬಿ ಕಿವಿ ಹಿಂದೆ ಸರಿದಿರುತ್ತದೆ. ಅದನ್ನು ಎಷ್ಟು ಕುಗ್ಗಿಸಿದರೂ ಮೂವತ್ತು ಅಡಿ ದೂರದ ಮುಖವಾಗುವುದಿಲ್ಲ. ಅಗಲದ ಲೆನ್ಸಿನಲ್ಲಿ ಅಂಚಿಗೆ ನಿಂತವರ ತಲೆ ಪಕ್ಕಕ್ಕೆ ಹಿಗ್ಗಿರುತ್ತದೆ, ಅವರನ್ನು ಅಳತೆಗೆ ಹಿಡಿಯಬಾರದು. ಟೈಲ್ಸ್ ಇಲ್ಲದ ಮಣ್ಣಿನಂಗಳವಾದರೆ ಒಂದೇ ಬಗೆಯ ಎರಡು ಕುರ್ಚಿ, ಜಗಲಿಯ ಕಂಬಗಳು, ಒಂದೇ ಅಳತೆಯ ಕಿಟಕಿಗಳು ಅದೇ ಕೆಲಸ ಮಾಡುತ್ತವೆ. ಹಿಂದಿನ ಸಾಲಿನಲ್ಲಿ ಆಗಲೇ ಒಬ್ಬರು ನಿಂತಿದ್ದರೆ ಲೆಕ್ಕವೇ ಬೇಡ, ಅವರ ತಲೆಗೆ ಸರಿಹೊಂದಿಸಿದರಾಯಿತು.

ಪತ್ರಿಕೆಯ ಕೆಲಸದಲ್ಲಿ ಇದೇ ಅಳತೆಯನ್ನು ನಾವು ತಿರುಗಿಸಿ ಬಳಸುತ್ತೇವೆ. ಚುನಾವಣೆ ಹತ್ತಿರ ಬಂದಾಗ ಇಬ್ಬರು ಜೊತೆಗೆ ನಿಂತ ಚಿತ್ರ ಮೊಬೈಲಿಗೆ ಬಂದರೆ ಮೊದಲು ಪಾದ ಎಲ್ಲಿದೆ, ನೆಲ ಏನು ಹೇಳುತ್ತದೆ ಎಂದು ನೋಡುತ್ತೇವೆ. ತಲೆ ಎತ್ತರದಲ್ಲಿದ್ದರೆ ಮೆಟ್ಟಿಲ ಮೇಲೆ ನಿಂತಿರಬಹುದು. ಮೆಟ್ಟಿಲು ತಲೆಯನ್ನು ಮೇಲೇರಿಸುತ್ತದೆ, ಆದರೆ ದೊಡ್ಡದು ಮಾಡುವುದಿಲ್ಲ. ಹಿಂದೆ ನಿಂತವರ ತಲೆ ಮುಂದಿನವರದ್ದಕ್ಕಿಂತ ದೊಡ್ಡದಿದ್ದರೆ ಆ ಚಿತ್ರವನ್ನು ಬದಿಗಿಟ್ಟು, ಕಾರ್ಯಕ್ರಮದಲ್ಲಿ ಇದ್ದವರಿಗೆ ಫೋನ್ ಮಾಡುತ್ತೇವೆ. ಎದೆಯ ಮಟ್ಟಕ್ಕೆ ಕತ್ತರಿಸಿ ನೆಲವೇ ಕಾಣದ ಚಿತ್ರವಾದರೆ ಅಳತೆಯಿಂದ ಏನೂ ತೀರ್ಮಾನಿಸಲಾಗದು.

ಅಕ್ಕನ ಮನೆಯ ಫೋಟೋದ ಹಿಂಬದಿಯಲ್ಲಿ ನಾವು 'ಎರಡು ಚಿತ್ರ ಜೋಡಿಸಿದ್ದು' ಎಂದು ಬರೆದು ಎರಡರ ತಾರೀಖನ್ನೂ ಹಾಕಿ ಕೊಟ್ಟೆವು. ಅಪ್ಪ ಆ ಬಾಗಿಲಲ್ಲಿ ನಿಂತಿರಲಿಲ್ಲ ಎನ್ನುವುದು ಈಗಿನವರಿಗೆಲ್ಲ ಗೊತ್ತು. ಮೊಮ್ಮಕ್ಕಳ ಕಾಲಕ್ಕೆ ಅದನ್ನು ಹೇಳಲು ಫೋಟೋವೊಂದೇ ಉಳಿದಿರುತ್ತದೆ.