ಅತ್ತಿ, ಅವ್ವ, ನೀ

ಮಲಾಡ್‌ನ ನಮ್ಮ ಕಟ್ಟಡದ ಮರಾಠಿ ಸೊಸೆಯೊಬ್ಬಳು ಧಾರವಾಡದ ಅತ್ತೆಗೆ ಬರೆದ ಪತ್ರ ತಂದು, "ಕನ್ನಡಕ್ಕೆ ಮಾಡಿಕೊಡಿ" ಎಂದಳು. ತಾಯಿಯಿಲ್ಲದ ಅವಳ ಬಾಣಂತನವನ್ನು ಅತ್ತೆಯೇ ಬಂದು ಮಾಡಿದ್ದರು.

ಮರಾಠಿ ಮನೆಗಳಲ್ಲಿ ಅತ್ತೆಯನ್ನೂ 'ಆಈ' ಎಂದೇ ಕರೆಯುವುದುಂಟು. ಆದರೆ ಸಾಮಾನ್ಯವಾಗಿ ಹೆತ್ತವಳಿಗೆ 'ತೂ', ಅತ್ತೆಗೆ 'ತುಮ್ಹೀ'. ಪತ್ರದ ತುಂಬ 'ತುಮ್ಹೀ' ಇತ್ತು. ಕೊನೆಯ ಸಾಲು ಮಾತ್ರ, 'ಆಈ, ತೂ ಹೋತೀಸ್ ಮ್ಹಣೂನ್...' ಧನ್ಯವಾದ ಎಂಬ ಪದ ಎಲ್ಲೂ ಇರಲಿಲ್ಲ. ಹೇಳಬೇಕಾದದ್ದೆಲ್ಲ ಆ 'ತೂ'ನಲ್ಲಿತ್ತು.

ಮೊದಲ ಕರಡಿನಲ್ಲಿ 'ಅತ್ತಿ, ನೀವು ಇದ್ದಿರಿ ಅಂತ...' ಎಂದು ಬರೆದೆ. ಮರ್ಯಾದೆ ಉಳಿಯಿತು, ಸಾಲು ಸಪ್ಪೆಯಾಯಿತು. 'ಅತ್ತಿ, ನೀ ಇದ್ದಿ' ಎಂದರೆ ಜಗಳಕ್ಕೆ ನಿಂತಂತೆ ಕೇಳುತ್ತದೆ. ಆ ಕಡೆಯ ಕನ್ನಡದಲ್ಲಿ 'ನೀ' ಸಲೀಸಾಗಿ ಕೂರುವುದು ಅವ್ವನ ಪಕ್ಕದಲ್ಲಿ. ಹಾಗಾಗಿ ಸರ್ವನಾಮದ ಜೊತೆ ಕರೆಯುವ ಪದವನ್ನೂ ಬದಲಿಸಿದೆ: 'ಅವ್ವಾ, ನೀ ಇದ್ದಿ ಅಂತ...'

ಮರಾಠಿಯ 'ಆಈ' ಇಬ್ಬರಿಗೂ ಸಲ್ಲುತ್ತಿತ್ತು. ನನ್ನ ಕನ್ನಡ ಅವಳಿಂದ ಒಂದು ಆಯ್ಕೆ ಬೇಡುತ್ತಿತ್ತು. ಅದನ್ನು ನಾನೇ ಮಾಡುವಂತಿರಲಿಲ್ಲ.

"ಇದು ಹೆತ್ತ ತಾಯಿಯನ್ನು ಕರೆಯುವ ಪದ. ಇರಲೇ?" ಎಂದು ಕೇಳಿದೆ.

ಮಗುವನ್ನು ಹೆಗಲಿಂದ ಹೆಗಲಿಗೆ ಬದಲಿಸಿಕೊಂಡಳು. ಸ್ವಲ್ಪ ಹೊತ್ತು ಬಿಟ್ಟು, "ಇರಲಿ" ಎಂದಳು.