ಗಾಡಿ ಅಗ್ರಹಾರ ಮುಟ್ಟುವ ಮೊದಲು

1973ರ ಜುಲೈ, ತೀರ್ಥಹಳ್ಳಿ. ಹೊರಗೆ ಜಡಿಮಳೆ. ಕರೆಂಟು ಹೋಗಿ ಬಹಳ ಹೊತ್ತಾಗಿದೆ. ನಡುಮನೆಯಲ್ಲಿ ಲಾಟೀನಿನ ಪಕ್ಕ ಬಿ.ಎ. ಓದುವ ಹುಡುಗಿಯೊಬ್ಬಳು ಕೂತಿದ್ದಾಳೆ. ಅವಳಿಗೆ ಹೆಸರು ಬೇಡ. ಆ ವರ್ಷಗಳಲ್ಲಿ ಲೇಖಕರಿಗೆ ಕಾಗದ ಬರೆಯಲು ಕೂತ ಎಷ್ಟೋ ಹುಡುಗ ಹುಡುಗಿಯರಲ್ಲಿ ಒಬ್ಬಳು ಎಂದುಕೊಳ್ಳಿ, ಬನ್ನಿ, ಅವಳ ಹಿಂದೆ ಸದ್ದಿಲ್ಲದೆ ನಿಲ್ಲೋಣ.

ಎದುರಿಗೆ ಒಂದು ನೀಲಿ ಇನ್‌ಲ್ಯಾಂಡ್ ಲೆಟರ್. ಅದನ್ನು ಇನ್ನೂ ಮುಟ್ಟಿಲ್ಲ. ಮೊದಲು ಗೆರೆ ನೋಟ್‌ಬುಕ್ಕಿನಲ್ಲಿ ಕಚ್ಚಾ ಬರೆದು ಆಮೇಲೆ ಪ್ರತಿ ಮಾಡುವುದು ಅವಳ ಲೆಕ್ಕ. ಥಂಡಿಗೆ ಕಾಗದ ಮೆತ್ತಗಾಗಿ, ಇಂಕ್ ಪೆನ್ನು ಇಟ್ಟಲ್ಲೆಲ್ಲ ಅಕ್ಷರಕ್ಕೆ ರೋಮ ಹುಟ್ಟುತ್ತದೆ. ಅದಕ್ಕೇ ಅಣ್ಣನ ಬಾಲ್‌ಪೆನ್ನು ಕೇಳಿ ತಂದಿದ್ದಾಳೆ. ತೊಡೆಯ ಮೇಲೆ 'ಸಂಸ್ಕಾರ'. 1965ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಮೊದಲು ಅಚ್ಚು ಹಾಕಿದ ಕಾದಂಬರಿ. ಅನಂತಮೂರ್ತಿ ಅದನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಕೂತು. ಆದರೆ ಕಥೆಯ ಜಾತ್ರೆ ನಡೆಯುವುದು ಮೇಳಿಗೆಯಲ್ಲಿ, ಅವರು ಹುಟ್ಟಿದ ಊರಿನಲ್ಲಿ. ಈ ಮನೆಯಿಂದ ಮೇಳಿಗೆ ದೂರವೇನಲ್ಲ. ಹುಡುಗಿಗೆ ಧೈರ್ಯ ಬಂದಿರುವುದು ಅದರಿಂದಲೂ ಇರಬಹುದು: ನಮ್ಮ ಕಡೆಯವರಲ್ಲವೇ, ಬೈಯಲಿಕ್ಕಿಲ್ಲ.

'ಪೂಜ್ಯರಾದ ಅನಂತಮೂರ್ತಿಯವರಿಗೆ ಸಾಷ್ಟಾಂಗ ನಮಸ್ಕಾರಗಳು' ಎಂದು ಬರೆದು ಹೊಡೆದು ಹಾಕುತ್ತಾಳೆ. ಸಾಷ್ಟಾಂಗವನ್ನು ಇಷ್ಟು ಕಾಡಿಸಿ ನೋಡಿದ ಪುಸ್ತಕದ ಲೇಖಕರಿಗೆ ಸಾಷ್ಟಾಂಗವೇ? 'ಮಾನ್ಯರೇ' ಸಾಕು. ಮುಂದಿನ ಸಾಲು ಸಲೀಸಾಗಿ ಬರುತ್ತದೆ:

'ತಮ್ಮ ಕಾದಂಬರಿ ಓದಿ ಮುಗಿಸಿದೆ. ಪ್ರಾಣೇಶಾಚಾರ್ಯರು ದೂರ್ವಾಸಪುರಕ್ಕೆ ಹೋಗಿ ಚಂದ್ರಿಯ ವಿಷಯ ಎಲ್ಲರೆದುರು ಒಪ್ಪಿಕೊಂಡರೇ, ಇಲ್ಲವೇ? ದಯಮಾಡಿ ತಿಳಿಸಬೇಕು.'

ಇಷ್ಟಕ್ಕೆ ಪೆನ್ನು ನಿಲ್ಲುತ್ತದೆ. ಲೇಖಕರಿಗೆ ಬರುವ ಕಾಗದಗಳಲ್ಲಿ ಮುಕ್ಕಾಲು ಪಾಲು ಇದೇ ಪ್ರಶ್ನೆ ಇದ್ದೀತು ಎಂಬ ಅನುಮಾನ ನಿಮಗೆ ಬಂದ ಹಾಗೆ ಅವಳಿಗೂ ಬಂದಿದೆ. ಇದು ಮುಗಿದ ಪುಸ್ತಕಕ್ಕೆ ಇನ್ನೊಂದು ಅಧ್ಯಾಯ ಬರೆದುಕೊಡಿ ಎಂದ ಹಾಗಾಯಿತು. ಬರೆಯುವುದಿದ್ದರೆ ಅವರೇ ಬರೆಯುತ್ತಿದ್ದರು.

ಕೊನೆಯ ಪುಟಗಳನ್ನು ಅವಳು ಮತ್ತೆ ತೆಗೆಯುತ್ತಾಳೆ. ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತದೆ. ಹೆಂಡತಿ ಸತ್ತ ಸೂತಕದಲ್ಲಿರುವ ಆಚಾರ್ಯರು ಮೇಳಿಗೆಯ ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದಾರೆ. ಗುರುತು ಸಿಕ್ಕ ತಕ್ಷಣ ಎದ್ದು ಓಡುತ್ತಾರೆ. ದಾರಿಯುದ್ದಕ್ಕೂ ಮಾತಾಡಿ ತಲೆ ತಿಂದ ಪುಟ್ಟ ಬೆನ್ನು ಬಿಡುವುದಿಲ್ಲ. ಆಚಾರ್ಯರು ಊರಿಗೆ ಮರಳುವುದೆಂದು ನಿಶ್ಚಯಿಸುತ್ತಾರೆ. ಎತ್ತಿನ ಗಾಡಿಯೊಂದು ಸಿಗುತ್ತದೆ. ಅದರಲ್ಲಿ ಇನ್ನು ಒಬ್ಬರಿಗೆ ಮಾತ್ರ ಜಾಗ. ಪುಟ್ಟ ಅವರನ್ನು ಹತ್ತಿಸಿ ತಾನು ಉಳಿದುಕೊಳ್ಳುತ್ತಾನೆ. ಗಾಡಿ ಹೊರಡುತ್ತದೆ, ಪುಸ್ತಕ ಮುಗಿಯುತ್ತದೆ.

ಅವಳು ನೋಟ್‌ಬುಕ್ಕಿನ ಅಂಚಿಗೆ ಚಿಕ್ಕದಾಗಿ ಬರೆಯುತ್ತಾಳೆ: 'ಒಬ್ಬರಿಗೆ ಮಾತ್ರ ಜಾಗ.' ಇದನ್ನು ಮೊದಲ ಓದಿನಲ್ಲಿ ಗಮನಿಸಿರಲಿಲ್ಲ. ಪುಟ್ಟನೂ ಹತ್ತಿದ್ದರೆ ಆ ಕೊನೆ ಕೊನೆಯಾಗುತ್ತಲೇ ಇರಲಿಲ್ಲ. ಅವನ ಬಾಯಿಯ ಎದುರು ಯಾರಿಗೂ ಒಂದು ಯೋಚನೆಯನ್ನು ಪೂರ್ತಿ ಮಾಡಲು ಆಗುವುದಿಲ್ಲ.

ಒಳಗಿನಿಂದ ಅಜ್ಜಿ ಬರುತ್ತಾರೆ, ಕೈಯಲ್ಲಿ ಕಷಾಯದ ಲೋಟ. ಪುಸ್ತಕ ಓದಿದವರಲ್ಲ. ಆದರೆ ಅದರ ಕಥೆ ತೀರ್ಥಹಳ್ಳಿಯ ಯಾವ ಅಜ್ಜಿಗೆ ಗೊತ್ತಿಲ್ಲ? 1970ರಲ್ಲಿ ಪಟ್ಟಾಭಿರಾಮ ರೆಡ್ಡಿ ಅದನ್ನು ಸಿನಿಮಾ ಮಾಡಿದ ಮೇಲೆ, ಸೆನ್ಸಾರಿನವರು ಮೊದಲು ತಡೆ ಹಾಕಿದ ಮೇಲಂತೂ ಜಗಲಿ ಜಗಲಿಯಲ್ಲಿ ಅದೇ ಮಾತು.

"ಏನೇ ಅದು, ಇಷ್ಟು ಹೊತ್ತಿಂದ?"

"ಆಚಾರ್ರು ಕೊನೆಗೆ ಏನು ಮಾಡಿದ್ರು ಅಂತ ಕೇಳ್ತಾ ಇದೀನಿ, ಅಜ್ಜಿ."

"ಅವರು ಏನು ಬೇಕಾದ್ರೂ ಮಾಡ್ಲಿ ಮಾರಾಯ್ತಿ, ಆ ಹೆಣ ಏನಾಯ್ತು? ಅದನ್ನ ಹೇಳು."

ಹುಡುಗಿ ನಗುತ್ತಾಳೆ. ಆಮೇಲೆ ನಗು ನಿಲ್ಲುತ್ತದೆ. ಪುಸ್ತಕದ ನಡುಭಾಗಕ್ಕೆ ಪುಟ ಸರಸರ ತಿರುಗುತ್ತದೆ. ಇಲ್ಲಿದೆ. ಅಗ್ರಹಾರದ ಬ್ರಾಹ್ಮಣರೆಲ್ಲ, ಆಚಾರ ಬಿಟ್ಟು ಬದುಕಿ ಸತ್ತ ನಾರಣಪ್ಪನ ಶವಕ್ಕೆ ಸಂಸ್ಕಾರ ಮಾಡುವವರು ಯಾರು ಎಂದು ತಲೆ ಕೆಡಿಸಿಕೊಂಡು, ಊಟ ಬಿಟ್ಟು, ಮಠದ ತನಕ ಅಲೆಯುತ್ತಿದ್ದಾರೆ. ಆಚಾರ್ಯರು ತಾಳೆಗರಿಯಲ್ಲಿ ಹುಡುಕಿ, ಮಾರುತಿಯ ಗುಡಿಯಲ್ಲಿ ಹೂ ಬೇಡಿ, ಎಲ್ಲೂ ಉತ್ತರ ಸಿಗದೆ ಬರಿಗೈಲಿ ಎದ್ದಿದ್ದಾರೆ. ನಾರಣಪ್ಪನ ಜೊತೆ ಬಾಳಿದ ಚಂದ್ರಿ ಇವರ್ಯಾರಿಗೂ ಕಾಯುವುದಿಲ್ಲ. ರಾತ್ರಿ ಹೋಗಿ ಮೀನು ಮಾರುವ ಅಹಮದ್ ಬ್ಯಾರಿಯ ನೆರವು ಕೇಳುತ್ತಾಳೆ. ಬ್ಯಾರಿ ಗಾಡಿ ತರುತ್ತಾನೆ, ಹೆಣ ಸಾಗಿಸುತ್ತಾನೆ, ಸುಡುತ್ತಾನೆ. ಚಂದ್ರಿ ಅತ್ತು ಕುಂದಾಪುರದ ದಾರಿ ಹಿಡಿಯುತ್ತಾಳೆ. ಇಡೀ ಕಾದಂಬರಿಗೆ ಹೆಸರು ಕೊಟ್ಟ ಕೆಲಸ ಲೇಖಕರ ಕೈಯಲ್ಲಿ ಅಷ್ಟು ಕಡಿಮೆ ಸಾಲುಗಳಲ್ಲಿ, ಮಂತ್ರವಿಲ್ಲದೆ ಮುಗಿದುಹೋಗಿದೆ. ಅದು ಅಲ್ಲಿದೆ ಎಂಬುದನ್ನೇ ಕೊನೆಯ ಪುಟಕ್ಕೆ ಬರುವಾಗ ಓದುಗ ಮರೆತಿರುತ್ತಾನೆ. ನನ್ನ ಮಟ್ಟಿಗೆ ಇದು ಈ ಕಾದಂಬರಿಯ ಅತಿ ಜಾಣ ಮರೆಸುವಿಕೆ.

ಈಗ ಗಾಡಿಯೊಳಗಿನ ಮನುಷ್ಯನನ್ನು ನೋಡಿ. ತನ್ನ ತೀರ್ಮಾನದ ಮೇಲೆ ಒಂದು ಅಗ್ರಹಾರ ನಿಂತಿದೆ ಎಂದು ಅವನು ನಡುಗುತ್ತಿದ್ದಾನೆ. ಆದರೆ ಅವನು ಬಿಡಿಸಲಾರದೆ ಬಿಟ್ಟು ಬಂದ ಮೊದಲ ಪ್ರಶ್ನೆ ಬೂದಿಯಾಗಿದೆ. ಅದು ಅವನಿಗೆ ಗೊತ್ತಿಲ್ಲ. ಗೊತ್ತಿರುವವಳು ಘಟ್ಟದ ಕೆಳಗೆ ಕುಂದಾಪುರದ ಕಡೆ ಹೋದಳು. ಅವನ ಗಾಡಿ ಹೊರಟಿರುವುದು ಅಗ್ರಹಾರದ ಕಡೆ.

ಹುಡುಗಿ ಹೊಸ ಹಾಳೆ ತೆಗೆಯುತ್ತಾಳೆ. ಈ ಸಲ ಹೊಡೆದು ಹಾಕುವುದು ಕಡಿಮೆ. ಇನ್‌ಲ್ಯಾಂಡ್ ಮಡಿಕೆಯಲ್ಲಿ ಇರುವ ಜಾಗವೇ ಸ್ವಲ್ಪ. ಹೊಗಳಿಕೆ ಒಂದೇ ಸಾಲಿಗೆ ಇಳಿಯಿತು, 'ನಾನು ಇಂಥ ಕಾಲೇಜಿನ ವಿದ್ಯಾರ್ಥಿನಿ' ಎಂಬುದು ಒಂದು ಸಾಲು. ಉಳಿದದ್ದೆಲ್ಲ ಪ್ರಶ್ನೆಗೆ:

'ಆಚಾರ್ಯರು ಮುಂದೇನು ಮಾಡಿದರು ಎಂದು ನಾನು ಕೇಳುವುದಿಲ್ಲ. ನಾರಣಪ್ಪನ ಸಂಸ್ಕಾರ ಆಗಿಹೋದದ್ದು ಓದುವ ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಊರು ಮುಟ್ಟಿದರೆ ಅದು ಗೊತ್ತಾಗಿಬಿಡುತ್ತಿತ್ತು. ಆಮೇಲೆ ಅವರು ತಪ್ಪೊಪ್ಪಿಕೊಂಡರೂ ಅದು ನಾರಣಪ್ಪನಿಗಾಗಿ ಅಲ್ಲ, ಬರೀ ತಮಗಾಗಿ ಎಂದಾಗುತ್ತಿತ್ತು. ತಾವು ಗಾಡಿಯನ್ನು ದಾರಿಯಲ್ಲೇ ಬಿಟ್ಟಿದ್ದು ಇದಕ್ಕೇ? ಅಥವಾ ಹೆಣ ಸುಟ್ಟ ಆ ಭಾಗವನ್ನು ಬರೆಯುವಾಗಲೇ ಕೊನೆ ಹೀಗೆಂದು ತಮಗೆ ತಿಳಿದಿತ್ತೇ? ಇನ್ನೊಂದು: ಗಾಡಿಯಲ್ಲಿ ಒಬ್ಬರಿಗೆ ಮಾತ್ರ ಜಾಗ ಇಟ್ಟದ್ದು ಬೇಕೆಂದೇ?'

ಕೆಳಗೆ ಊರು, ತಾರೀಖು, ಸಹಿ. ಮಡಿಚಿ, ಅಂಚಿನ ಗೋಂದಿಗೆ ಬೆರಳು ಒದ್ದೆ ಮಾಡಿ ಸವರುತ್ತಾಳೆ. ವಿಳಾಸ: ಇಂಗ್ಲಿಷ್ ವಿಭಾಗ, ಮೈಸೂರು ವಿಶ್ವವಿದ್ಯಾನಿಲಯ, ಮಾನಸಗಂಗೋತ್ರಿ. ಆ ವರ್ಷಗಳಲ್ಲಿ ಅನಂತಮೂರ್ತಿ ಪಾಠ ಹೇಳುತ್ತಿದ್ದದ್ದು ಅಲ್ಲಿ.

ಈ ಪ್ರಶ್ನೆಗೆ ಲೇಖಕರ ಉತ್ತರ ಬೇಕೇಬೇಕೆಂದೇನಿಲ್ಲ. ಅದಕ್ಕೆ ಬೇಕಾದ ಸಾಕ್ಷಿಯೆಲ್ಲ ಪುಸ್ತಕದಲ್ಲೇ ಇದೆ. ಅನಂತಮೂರ್ತಿ 2014ರ ಆಗಸ್ಟ್ 22ರಂದು ತೀರಿಕೊಂಡರು, ಅವರಿಗೆ ಇನ್ನು ಕಾಗದ ಹಾಕುವಂತಿಲ್ಲ. 'ಸಂಸ್ಕಾರ'ದ ಪ್ರತಿ ನಿಮ್ಮ ಮನೆಯಲ್ಲಿದ್ದರೆ ಚಂದ್ರಿ ಅಹಮದ್ ಬ್ಯಾರಿಯ ಬಳಿಗೆ ಹೋಗುವ ಭಾಗವನ್ನು ಮೊದಲು ಓದಿ, ಅಲ್ಲಿಂದ ನೇರ ಕೊನೆಯ ಪುಟಕ್ಕೆ ಹೋಗಿ.